ಜನರೇಟರ್ ಅಣ್ಣನ ಜೋಗುಳ

ಕೆಲವು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಕಟಣೆ ಬಂತು. ಹಾಕಿದವರು ನಿವಾಸಿಗಳ ಸಂಘದ ಅಧ್ಯಕ್ಷರು. ‘ಪ್ರಿಯ ನಿವಾಸಿಗಳೇ, ನಮ್ಮ ಸಮುಚ್ಚಯ ಇನ್ನು ಕತ್ತಲೆಮುಕ್ತ’ ಎಂದು ಅದು ಶುರುವಾಗಿತ್ತು. ಕರೆಂಟು ಹೋದ ಹತ್ತೇ ಸೆಕೆಂಡಿನಲ್ಲಿ ಜನರೇಟರನ್ನು ತಾನೇ ಚಾಲೂ ಮಾಡುವ ಹೊಸ ಪ್ಯಾನೆಲ್ಲಿನ ಗುಣಗಾನ ಮೂರು ಪ್ಯಾರಾ ಇತ್ತು. ಕೊನೆಯಲ್ಲಿ, ‘ಆದ್ದರಿಂದ ಜನರೇಟರ್ ಆಪರೇಟರ್ ಹುದ್ದೆಯನ್ನು ರದ್ದುಗೊಳಿಸಲಾಗಿದೆ. ಭಾನುವಾರ ಸಂಜೆ ಕ್ಲಬ್‌ಹೌಸಿನಲ್ಲಿ ಬೀಳ್ಕೊಡುಗೆ. ಸಮೋಸ ಇರುತ್ತದೆ’ ಎಂದಿತ್ತು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿಯುವ ಚಿತ್ರಗಳು ಬಿದ್ದವು. ಮುಗಿದದ್ದು ಮನುಷ್ಯನಿಗೋ ಪ್ಯಾನೆಲ್ಲಿಗೋ ಸಮೋಸಕ್ಕೋ ನನಗೆ ಕೊನೆಗೂ ತಿಳಿಯಲಿಲ್ಲ.

ಆ ರದ್ದಾದ ಹುದ್ದೆಯಲ್ಲಿ ಒಬ್ಬ ಮನುಷ್ಯ ಇದ್ದ ಎಂಬುದನ್ನು ಯಾರಾದರೂ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ. ಅವರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಮಕ್ಕಳು ಜನರೇಟರ್ ಅಣ್ಣ ಎನ್ನುತ್ತಿದ್ದರು, ದೊಡ್ಡವರು ಜನರೇಟರ್ ಎನ್ನುತ್ತಿದ್ದರು. ಐವತ್ತು ದಾಟಿದ ಕುಳ್ಳ ಆಳು. ಬೆಳಿಗ್ಗೆ ಹಣೆಯ ಮೇಲೆ ಮೂರು ಗೆರೆ ಇದ್ದ ವಿಭೂತಿ ಸಂಜೆ ಹೊತ್ತಿಗೆ ಬೆವರಿಗೆ ಕಲಸಿಹೋಗಿ ಒಂದೇ ಮಚ್ಚೆಯಾಗಿರುತ್ತಿತ್ತು. ಪ್ಯಾಂಟಿನ ಜೇಬಿನಿಂದ ಕೈ ಒರೆಸುವ ನೂಲಿನ ಉಂಡೆ ಸದಾ ಇಣುಕುತ್ತಿತ್ತು. ನಡೆಯುವಾಗ ತಲೆಯನ್ನು ಒಂದು ಕಡೆ ವಾಲಿಸುತ್ತಿದ್ದರು. ಕುತ್ತಿಗೆ ನೋವೇ ಎಂದು ಕೇಳಿದಾಗ, ‘ಇಲ್ರಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೂದು ಕೇಳಾಕತ್ತೇನಿ. ಅದು ಸುಮ್ಮನಾತು ಅಂದ್ರ ನನ್ನ ಕೆಲಸ ಸುರು’ ಎಂದಿದ್ದರು.

ಇಳಕಲ್ಲಿನ ಆಚೆಯ ಒಂದು ಹಳ್ಳಿಯವರು. ಕಟ್ಟಡ ಕೆಲಸಕ್ಕೆಂದು ಬಂದು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಜನರೇಟರ್ ಕಲಿತು, ನಮ್ಮ ಕಡೆಗೆ ಬಂದಿದ್ದರು. ಚಂದಾಪುರದಲ್ಲಿ ಒಂದು ಬಾಡಿಗೆ ಕೋಣೆ. ನಮ್ಮ ಅಪಾರ್ಟ್‌ಮೆಂಟು ಅಲ್ಲಿಂದ ಇನ್ನೂ ಒಳಗಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತೇ ನಿಮಿಷ ಎಂದು ಮಾರಾಟದ ಪುಸ್ತಿಕೆಯಲ್ಲಿ ಬರೆದಿದ್ದರು. ಯಾವ ಹೊತ್ತಿನಲ್ಲಿ ಎಂದು ನಾವು ಕೇಳಿರಲಿಲ್ಲ. ಹೆಸರಿನಲ್ಲಿ ಬೆಳಕು ಎಂಬರ್ಥದ ಇಂಗ್ಲಿಷ್ ಪದ ಎರಡು ಸಲ ಬರುವ ನಮ್ಮ ಈ ಸಮುಚ್ಚಯದಲ್ಲಿ ಮಳೆಗಾಲದ ಸಂಜೆ ಕರೆಂಟು ಹೋಗದೆ ಇರುವುದೇ ಸುದ್ದಿ.

ಇನ್ನು ನನ್ನ ಮಗಳು ನೀಲಾ. ಆಗ ಅವಳಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ನಮ್ಮ ನಡುವೆ ಕಾಲು ಚಾಚಿ ಮಲಗಿ ನೆಮ್ಮದಿಯಾಗಿದ್ದವಳನ್ನು, ಮಕ್ಕಳಿಗೆ ಸ್ವಂತ ಕೋಣೆ ಇರಬೇಕು ಎಂದು ಎಲ್ಲೋ ಓದಿ, ಒಂದು ಒಳ್ಳೆಯ ದಿನ ನೋಡಿ ಪಕ್ಕದ ಕೋಣೆಗೆ ವರ್ಗ ಮಾಡಿದೆವು. ಆ ಕೋಣೆಯ ಗೋಡೆಗೆ ಕಾಡುಪ್ರಾಣಿಗಳ ಚಿತ್ರದ ಕಾಗದ ಅಂಟಿಸಿದ್ದೆವು. ದೀಪ ಆರಿಸಿದರೆ ಪ್ರಾಣಿಗಳ ಕಣ್ಣು ಮಾತ್ರ ಹೊಳೆಯುತ್ತವೆ, ಅದೇ ಅದರ ವಿಶೇಷ ಎಂದು ಅಂಗಡಿಯವನು ಹೇಳಿದ್ದ. ಮೊದಲ ರಾತ್ರಿಯೇ ಆ ವಿಶೇಷ ಮಗುವಿಗೆ ತಿಳಿಯಿತು.

ಅಲ್ಲಿಂದ ಶುರುವಾದ ಕಿರುಚಾಟ ನಿಲ್ಲಲಿಲ್ಲ. ನಾನೋ ಒಂದು ಕಂಪನಿಯಲ್ಲಿ ನೌಕರರ ಮನಸ್ಸಿನ ನೆಮ್ಮದಿ ನೋಡಿಕೊಳ್ಳುವ ವಿಭಾಗದವಳು. ಆತಂಕವಾದಾಗ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿ ಎಂದು ಹಗಲೆಲ್ಲ ಬೇರೆಯವರಿಗೆ ಬೋಧಿಸಿ ಸಂಬಳ ತೆಗೆದುಕೊಳ್ಳುವವಳು. ಮನೆಯಲ್ಲೂ ಅದನ್ನೇ ಮಾಡಿದೆ. ನೀಲಾಗೆ ಏಳರವರೆಗೆ ಮಾತ್ರ ಬರುತ್ತಿತ್ತು, ಎಂಟಕ್ಕೆ ಕಿರುಚುತ್ತಿದ್ದಳು.

ನನ್ನ ಗಂಡನಿಗೆ ಯಂತ್ರಗಳ ಮೇಲೆ ಭಕ್ತಿ ಹೆಚ್ಚು. ಮೊಬೈಲಿನಿಂದ ಬಣ್ಣ ಬದಲಾಯಿಸುವ ಬಲ್ಬು, ಚಾವಣಿಯ ಮೇಲೆ ನಕ್ಷತ್ರ ಚೆಲ್ಲುವ ಗೋಲ, ಕೇಳಿದ ಪ್ರಾರ್ಥನೆ ಹಾಡುವ ಡಬ್ಬಿ, ಎಲ್ಲ ಬಂದವು. ಡಬ್ಬಿಯಲ್ಲಿ ಅವರು ಆರಿಸಿದ ಮಲಗುವ ಹೊತ್ತಿನ ಪ್ರಾರ್ಥನೆ ಗಂಭೀರವಾಗಿತ್ತು. ದುಷ್ಟರನ್ನು ಸಂಹರಿಸು, ಭೂತಪ್ರೇತಗಳನ್ನು ಓಡಿಸು, ನಾಲ್ಕೂ ದಿಕ್ಕಿನ ಶತ್ರುಗಳಿಂದ ಕಾಪಾಡು ಎಂದು ಒಬ್ಬರು ಗಂಟಲು ಹರಿದು ಹಾಡುತ್ತಿದ್ದರು. ನೀಲಾ ಪೂರ್ತಿ ಕೇಳಿ ಎದ್ದು ಕೂತಳು.

‘ಅಪ್ಪಾ, ಭೂತ ಎಷ್ಟು ಜನ ಬಂದಿದ್ದಾರೆ?’

‘ಯಾರೂ ಬಂದಿಲ್ಲ ಕಂದ.’

‘ಮತ್ತೆ ಓಡ್ಸು ಅಂತಿದ್ದಾರಲ್ಲ. ನಾಲ್ಕು ದಿಕ್ಕು ಅಂದ್ರೆ ಕಬೋರ್ಡೂ ಸೇರುತ್ತಾ?’

ಮಾರನೆಯ ದಿನದಿಂದ ಕಬೋರ್ಡಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟರೆ ಮಾತ್ರ ಮಲಗುತ್ತಿದ್ದಳು. ಆಮೇಲೆ ಆನ್‌ಲೈನಿನಲ್ಲಿ ಒಬ್ಬ ನಿದ್ರಾ ತರಬೇತುದಾರರು ಸಿಕ್ಕರು. ಕಿರುಚದೆ ಮಲಗಿದ ದಿನ ಗೋಡೆಯ ಪಟ್ಟಿಯಲ್ಲಿ ಒಂದು ನಕ್ಷತ್ರ ಅಂಟಿಸಿ, ಮಗುವಿಗೆ ಪ್ರೋತ್ಸಾಹ ಸಿಗುತ್ತದೆ ಎಂದರು. ಹದಿನೈದು ದಿನ ಪಟ್ಟಿ ಖಾಲಿ ಇತ್ತು. ಕೊನೆಗೆ ಮಗು ಕತ್ತಲೆಯ ಜೊತೆಗೆ ಪಟ್ಟಿಗೂ ಹೆದರತೊಡಗಿತು. ನಾನು ಮತ್ತು ನನ್ನ ಗಂಡ ಸರದಿಯಂತೆ ನಿದ್ದೆಗೆಟ್ಟು, ಕಚೇರಿಯ ಮೀಟಿಂಗುಗಳಲ್ಲಿ ತೂಕಡಿಸುತ್ತಿದ್ದೆವು. ನೀಲಾ ಶಾಲೆಯಲ್ಲಿ ಬಣ್ಣದ ಪೆನ್ಸಿಲು ಹಿಡಿದೇ ಮಲಗಿಬಿಡುತ್ತಿದ್ದಾಳೆ ಎಂದು ಟೀಚರು ಕರೆದು ಹೇಳಿದರು. ಮಗುವಿನ ಕಣ್ಣ ಕೆಳಗೆ ಕಪ್ಪು ಕಟ್ಟಿದ್ದು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಆಗ ಬಂತು ಆ ಮಳೆಯ ಸಂಜೆ. ಎಂಟೂವರೆ ಇರಬಹುದು. ಕರೆಂಟು ಹೋಯಿತು. ಬಲ್ಬು, ನಕ್ಷತ್ರ, ಡಬ್ಬಿ ಎಲ್ಲ ಒಟ್ಟಿಗೆ ಸತ್ತವು. ನನ್ನ ಗಂಡ ಕತ್ತಲಲ್ಲಿ ಮೊಬೈಲ್ ನೋಡಿ, ‘ಡಿವೈಸ್ ಆಫ್‌ಲೈನ್ ಅಂತ ತೋರಿಸ್ತಿದೆ’ ಎಂದು ನಮಗೆ ಮಾಹಿತಿ ಕೊಟ್ಟರು. ನೀಲಾ ಉಸಿರು ಕಟ್ಟುವಂತೆ ಕಿರುಚುತ್ತಿದ್ದಳು. ಮಾಮೂಲಾಗಿ ಅರ್ಧ ನಿಮಿಷಕ್ಕೆ ಬರುವ ಜನರೇಟರ್ ಅಂದು ಬರಲಿಲ್ಲ. ನಾನು ಇಂಟರ್‌ಕಾಮ್ ಎತ್ತಿ ಜನರೇಟರ್ ಕೋಣೆಗೆ ಫೋನು ಮಾಡಿ ಬೈಯಲು ಬಾಯಿ ತೆರೆದೆ.

‘ಏನ್ರೀ, ಎಷ್ಟೊತ್ತು ಇನ್ನೂ?’

‘ಇಂಜಿನ್ ಎದ್ದೈತ್ರಿ ಮೇಡಂ. ಮಳಿಗೆ ತಂಪಾಗಿತ್ತು, ಸ್ವಲ್ಪ ಬೆಚ್ಚಗಾಗ್ಲಿ. ಒಂದ ನಿಮಿಷ... ಅಲ್ಲಿ ಯಾರ್ರಿ ಅಳಾಕತ್ತಾರ? ಕೂಸೇನ್ರಿ?’

‘ಹೌದು. ಕತ್ತಲೆ ಅಂದ್ರೆ ಭಯ.’

‘ಫೋನ್ ಅದರ ಕಿವಿಗೆ ಹಿಡೀರಿ. ಹೆಸರೇನ್ರಿ?’

ನೀಲಾ ಎಂದು ಹೇಳಿ ಹಿಡಿದೆ. ಇಂಜಿನ್ನಿನ ಪಕ್ಕ ಇಪ್ಪತ್ತು ವರ್ಷ ನಿಂತವರ ಮಾತು ಗಟ್ಟಿ ಇರುತ್ತದೆ, ಅವರದೂ ಹಾಗೇ. ಆದರೆ ಈಗ ಬಂದ ದನಿ ಬೇರೆಯಾಗಿತ್ತು. ಹಿಂದೆ ಇಂಜಿನ್ನು ಗುಡುಗುಡು ಎನ್ನುತ್ತಿರುವಾಗ ನಿಧಾನವಾಗಿ, ಒಂದೊಂದು ಸಾಲಿಗೂ ಇನ್ನಷ್ಟು ತಗ್ಗುತ್ತಾ ಅವರು ಹೇಳಿದರು:

ಬಾಗಿಲ ಮಲಗೈತಿ, ಬಚ್ಚಲ ಮಲಗೈತಿ,
ಚಾಪಿ ಮಲಗೈತಿ, ಚರಗಿ ಮಲಗೈತಿ,
ಒಲಿಯಾಗ ಬೂದಿ ಬೆಚ್ಚಗ ಮಲಗೈತಿ,
ಗ್ವಾಡಿ ಮಲಗೈತಿ, ದಿಂಬ ಮಲಗೈತಿ,
ಒಬ್ಬಾಂವ ಎಚ್ಚರ ಅದಾನ, ಶಿವ ಎಚ್ಚರ ಅದಾನ,
ನೀ ಮಲಗ ನೀಲವ್ವ, ನೀ ಮಲಗ.

ಎರಡನೆಯ ಸಲ ಹೇಳುವಾಗ ಕಿರುಚಾಟ ಬಿಕ್ಕಳಿಕೆಗೆ ಇಳಿಯಿತು. ಮೂರನೆಯ ಸಲಕ್ಕೆ ‘ನೀ ಮಲಗ’ ಎನ್ನುವುದಕ್ಕೂ ಮನೆಯ ದೀಪ ಹತ್ತುವುದಕ್ಕೂ ಸರಿಹೋಯಿತು. ಇಂಜಿನ್ನು ಬೆಚ್ಚಗಾಗಿತ್ತು, ಅವರು ಪದ್ಯ ಮುಗಿಸಿ ಸ್ವಿಚ್ಚು ಎಳೆದಿದ್ದರು, ಅಷ್ಟೇ. ನೀಲಾ ನನ್ನ ಮುಖ ನೋಡಿ ಬೆರಗಾಗಿ, ‘ಅಮ್ಮಾ, ಶಿವ ಲೈಟ್ ಹಾಕ್ದ!’ ಎಂದಳು.

ಅಲ್ಲ ಕಂದ, ಕೆಳಗಿರುವ ಅಣ್ಣ ಹಾಕಿದ್ದು ಎಂದು ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ತಿಂಗಳುಗಳ ನಂತರ ಮಗುವಿನ ಮುಖದಲ್ಲಿ ನಗು ಕಂಡಿದ್ದೆ, ಅದನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಕೆಡಿಸದೆ ಇರುವುದರ ಜೊತೆಗೆ ಅದನ್ನು ಅಮ್ಮಂದಿರ ಗುಂಪಿನಲ್ಲೂ ಹಾಕಿದೆ: ‘ಮಕ್ಕಳಿಗೆ ಈ ಪ್ರಾರ್ಥನೆ ಹೇಳಿಕೊಡಿ, ಮುಗಿಯುವುದರೊಳಗೆ ಲೈಟ್ ಬರುತ್ತೆ! ನಮ್ಮ ಮನೇಲಿ ವರ್ಕ್ ಆಯ್ತು!’

ಮುಂದಿನ ಸಲ ಕರೆಂಟು ಹೋದಾಗ ಜನರೇಟರ್ ಕೋಣೆಯ ಇಂಟರ್‌ಕಾಮ್ ಬಡಿದುಕೊಂಡ ಪರಿ ಏನೆಂದು ಹೇಳಲಿ. ಎಲ್ಲ ಮಹಡಿಗಳಿಂದಲೂ ‘ಅಣ್ಣಾ, ಸ್ವಲ್ಪ ಪ್ರೇಯರ್ ಹೇಳಿ’ ಎಂದು ಕರೆ. ಒಬ್ಬಾಕೆ ಇಂಗ್ಲಿಷಿನಲ್ಲಿ ಸಿಗುತ್ತದೆಯೇ ಎಂದು ಕೇಳಿದರಂತೆ. ಇನ್ನೊಬ್ಬಾಕೆ ಬಚ್ಚಲು ಎನ್ನುವ ಪದ ತೆಗೆದು ಬೇರೆ ಹಾಕಬಹುದೇ ಎಂದರಂತೆ. ಅಧ್ಯಕ್ಷರು ಎರಡು ಸುತ್ತೋಲೆ ಹೊರಡಿಸಿದರು. ಮೊದಲನೆಯದು, ಇಂಟರ್‌ಕಾಮ್ ತುರ್ತಿಗೆ ಮಾತ್ರ, ಭಕ್ತಿ ಕಾರ್ಯಕ್ರಮಗಳಿಗೆ ಕ್ಲಬ್‌ಹೌಸನ್ನು ಮುಂಗಡವಾಗಿ ಕಾದಿರಿಸಿ ಎಂದು. ಎರಡನೆಯದು, ನಿರ್ವಹಣಾ ಸಿಬ್ಬಂದಿ ಮಕ್ಕಳಿಗೆ ಮಾನಸಿಕ ಸಲಹೆ ನೀಡುವಂತಿಲ್ಲ, ಅದಕ್ಕೆ ಅರ್ಹತಾ ಪತ್ರ ಬೇಕು ಎಂದು. ಅರ್ಹತಾ ಪತ್ರವಿದ್ದ ನಾನು ಅದನ್ನು ಓದಿ ಬಾಯಿ ಮುಚ್ಚಿಕೊಂಡು ಕೂತೆ.

ಇದಾದ ಮೇಲೆ ಒಂದು ಸಂಜೆ ನಮ್ಮ ಮನೆಯ ಫ್ಯೂಸಿನಲ್ಲಿ ಏನೋ ತೊಂದರೆಯಾಗಿ ಅವರು ಬಂದರು. ಕೆಲಸದವರಿಗೆಂದು ಬಿಟ್ಟ ಸಾಮಾನಿನ ಲಿಫ್ಟಿನಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನಿಂತರು. ನಾನು ರಾಣೆಬೆನ್ನೂರಿನ ಕಡೆಯವಳು ಎಂದು ತಿಳಿದಾಗಿನಿಂದ ಮೇಡಂ ಬಿಟ್ಟು ಅಕ್ಕಾರ ಎನ್ನುತ್ತಿದ್ದರು. ನನಗೂ ಅವರ ಮುಂದೆ ಊರಿನ ಮಾತು ತಾನಾಗಿ ಬರುತ್ತಿತ್ತು.

‘ಅಕ್ಕಾರ, ಒಂದು ಮಾತು. ಪದ ಮುಗದ್ರ ದೀಪ ಬರ್ತೈತಿ ಅಂತ ಕೂಸಿಗೆ ಹೇಳಬ್ಯಾಡ್ರಿ.’

‘ಯಾಕ್ರಿ? ಅದರಿಂದನ ಅಕಿ ಸುಮ್ಮನಾಗಾಕತ್ತಾಳ.’

‘ದೀಪ ಹಾಕಾಂವ ನಾ. ಅದನ್ನ ಶಿವನ ಮ್ಯಾಲ ಹೊರಿಸಿದ್ರ, ನಾಳಿ ಡೀಸೆಲ್ ಮುಗದ್ರ ಶಿವ ಸುಳ್ಳ ಆಕ್ಕಾನ. ಆಮ್ಯಾಲ ಕೂಸಿಗೆ ಯಾರದಾರ?’

ಆ ಪದ, ಅಂದರೆ ಆ ಹಾಡು, ಅವರು ಕಟ್ಟಿದ್ದು ದೀಪಕ್ಕಾಗಿ ಅಲ್ಲವೇ ಅಲ್ಲವಂತೆ. ಕಟ್ಟಡ ಕೆಲಸದ ಕಾಲದಲ್ಲಿ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಹೆಂಡತಿ ಹೆರಿಗೆಗೆ ಊರಿಗೆ ಹೋದಾಗ ದೊಡ್ಡ ಮಗಳು ಇವರ ಹತ್ತಿರ ಉಳಿದಳು. ನೀಲಾಳಷ್ಟೇ ವಯಸ್ಸು. ಶೆಡ್ಡಿಗೆ ಕರೆಂಟು ಇರಲಿಲ್ಲ, ಸೀಮೆಎಣ್ಣೆ ಬುಡ್ಡಿ ಉಳಿಸಬೇಕು. ‘ದೀಪ ಇಲ್ಲ, ಬರಂಗೂ ಇಲ್ಲ. ಏನ ಮಾಡ್ಲಿ? ಬಾಯಿ ಇತ್ತು, ಅದನ್ನ ಉಪಯೋಗ ಮಾಡಿದೆ’ ಎಂದು ನಕ್ಕರು. ಆ ಮಗಳು ಈಗ ಇಳಕಲ್ಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಅವಳ ಮಗನಿಗೂ ಅದೇ ಪದ ಹೇಳುತ್ತಾಳೆ.

ಅಂದು ಅವರು ನಿಂತಲ್ಲೇ ನನಗೆ ಕಲಿಸಿದ್ದನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಗುಮ್ಮ ಇಲ್ಲ ಎಂದು ಕೂಡ ಹೇಳಬಾರದಂತೆ. ‘ಇಲ್ಲ ಅನ್ನಾಕ ಅದರ ಹೆಸರ ಯಾಕ ಮನಿಯೊಳಗ ತರ್ತೀರಿ?’ ಅಂಜಬೇಡ ಎನ್ನುವುದೂ ಬೇಡ, ಅಂದರೆ ಅಂಜುವಂಥದ್ದು ಏನೋ ಇದೆ ಎಂದಾಯಿತು. ಕಾಪಾಡು ಎಂದು ದೇವರನ್ನು ಕೇಳಿದರೆ, ಯಾರಿಂದ ಎಂದು ಮಗು ಕೇಳುತ್ತದೆ. ಅದಕ್ಕೇ ಅವರ ಪದದಲ್ಲಿ ಶಿವನಿಗೆ ಕೆಲಸವೇ ಇಲ್ಲ, ಸುಮ್ಮನೆ ಎಚ್ಚರ ಇರುವುದು. ಇನ್ನು ಸಾಮಾನುಗಳ ಹೆಸರು. ಬಾಗಿಲಿನಿಂದ ಶುರುಮಾಡಿ ಹಾಸಿಗೆಯ ಕಡೆ ಬರಬೇಕು, ಹಾಸಿಗೆಯಿಂದ ಬಾಗಿಲಿಗೆ ಹೋಗಬಾರದು. ಮಗುವಿನ ಜೀವ ದೂರದ ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಅದನ್ನು ಒಂದೊಂದೇ ಹೆಜ್ಜೆ ನಡೆಸಿಕೊಂಡು ದಿಂಬಿಗೆ ತರಬೇಕು. ಬೆನ್ನ ಮೇಲೆ ಕೈ ಇಟ್ಟು ತಟ್ಟುವುದು ಸಾಲಿಗೆ ಸಾಲು ನಿಧಾನವಾಗಬೇಕು. ಪದವನ್ನು ದಿನಾ ಅದೇ ರೀತಿ ಹೇಳಬೇಕು, ಹೊಸದೇನಾದರೂ ಸೇರಿಸುವುದಿದ್ದರೆ ಮಗುವೇ ಸೇರಿಸಲಿ.

‘ಫ್ರಿಜ್ ಮಲಗಿಲ್ಲ ಅಣ್ಣ’ ಎಂದು ನೀಲಾ ನಡುವೆ ಬಾಯಿ ಹಾಕಿದಳು. ‘ರಾತ್ರಿ ಗುರ್ ಅಂತಿರುತ್ತೆ.’

‘ಗೊರಕಿ ಹೊಡೀತೈತವ್ವ. ಎಚ್ಚರ ಇದ್ದಾರ ಗೊರಕಿ ಹೊಡೀತಾರೇನು?’

ನೀಲಾ ಈ ವಾದವನ್ನು ಒಪ್ಪಿಕೊಂಡಳು. ಅವರು ನನ್ನನ್ನು ಕೇಳಿ ಅವಳ ಕೋಣೆಯ ದೀಪ ಆರಿಸಿದರು. ಬಾಗಿಲು ತೆರೆದೇ ಇತ್ತು. ಅವಳ ಕೈ ಹಿಡಿದು ಕಬೋರ್ಡಿನ ಹತ್ತಿರ ಹೋಗಿ, ‘ಕಣ್ಣಿಲೆ ಬ್ಯಾಡ, ಕೈಲೆ ನೋಡು’ ಎಂದು ಅದನ್ನು ಮುಟ್ಟಿಸಿದರು. ಹಿಡಿಕೆ, ಅದರ ಕೆಳಗೆ ಅವಳೇ ಅಂಟಿಸಿದ್ದ ಚಿಟ್ಟೆ, ಅದರ ಕೆಳಗೆ ಸೈಕಲ್ಲು ಗುದ್ದಿ ಆದ ಗೀರು. ದೀಪ ಹಾಕಿ ಮತ್ತೆ ಮುಟ್ಟಿಸಿದರು. ಅದೇ ಹಿಡಿಕೆ, ಅದೇ ಚಿಟ್ಟೆ, ಅದೇ ಗೀರು. ಹೀಗೆ ಇಡೀ ಕೋಣೆ ಸುತ್ತಿದರು. ಹುಲಿಯ ಕಣ್ಣಿನ ಹತ್ತಿರ ಬಂದಾಗ ಮಾತ್ರ ನನ್ನ ಕಡೆ ತಿರುಗಿ, ‘ಇದನ್ನ ನೀವು ಬೇಕಂತ ಹಚ್ಚೀರೇನ್ರಿ ಅಕ್ಕಾರ?’ ಎಂದರು. ಆ ಶನಿವಾರವೇ ಕಾಗದ ಕಿತ್ತೆವು.

ಅವರು ಹೇಳಿದ್ದರಲ್ಲಿ ಎಲ್ಲವನ್ನೂ ಪಾಲಿಸಿದೆ, ಮುಖ್ಯವಾದ ಒಂದನ್ನು ಬಿಟ್ಟು. ಶಿವ ದೀಪ ಹಾಕುವುದಿಲ್ಲ ಎಂದು ಮಗಳಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ರಾತ್ರಿ ಪೂರ್ತಿ ಒಂದು ಪುಟ್ಟ ದೀಪ ಉರಿಯುತ್ತಲೇ ಇತ್ತು. ಕರೆಂಟು ಹೋದರೆ ನೀಲಾ ಪದ ಹೇಳುತ್ತಿದ್ದಳು, ಕೆಳಗಿನಿಂದ ದೀಪ ಬರುತ್ತಿತ್ತು. ಎಲ್ಲ ಸುಸೂತ್ರ ನಡೆದಿರುವಾಗ ಸತ್ಯ ಹೇಳುವುದಕ್ಕೆ ನಾಳೆ ಎನ್ನುವುದು ನನ್ನ ಹಳೆಯ ಕಾಯಿಲೆ.

ಇಷ್ಟರಲ್ಲಿ ಹೊಸ ಪ್ಯಾನೆಲ್ ಬಂತು, ಬೀಳ್ಕೊಡುಗೆಯೂ ಬಂತು. ಅಧ್ಯಕ್ಷರು ಕಾರ್ಯಕ್ರಮವನ್ನು ಜಾಣತನದಿಂದ ಹೆಣೆದಿದ್ದರು. ನಮ್ಮಲ್ಲಿ ಆ ದಿನಗಳಲ್ಲಿ ಸಂಜೆ ಏಳೂವರೆಗೆ ಕರೆಂಟು ತಪ್ಪದೆ ಹೋಗುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸುವುದು, ಕತ್ತಲಾದೊಡನೆ ಅವರು ‘ಬೆಳಕಿನ ಪ್ರಾರ್ಥನೆ’ ಹೇಳುವುದು, ಮುಗಿಯುವುದರೊಳಗೆ ಹೊಸ ಪ್ಯಾನೆಲ್ ದೀಪ ಹಾಕುವುದು, ಚಪ್ಪಾಳೆ. ಅದೇ ಪ್ರಾರ್ಥನೆಯ ವಿರುದ್ಧ ಸುತ್ತೋಲೆ ಹೊರಡಿಸಿದ್ದು ಅವರಿಗೆ ಮರೆತಿತ್ತು. ಮಕ್ಕಳ ಸಾಲಿನ ಮುಂದೆ ನೀಲಾ. ಅವಳನ್ನು ನಾನೇ ಜರಿ ಲಂಗ ಉಡಿಸಿ ಕರೆತಂದಿದ್ದೆ.

ಮೊದಲು ಸನ್ಮಾನ. ಜನರೇಟರ್ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕೊರಳಿಗೆ ಹಾರ, ಹೆಗಲಿಗೆ ಶಾಲು ಬಿತ್ತು. ಕೈಗೆ ಒಂದು ಫಲಕ ಬಂತು. ಅದರಲ್ಲಿ ಅಧ್ಯಕ್ಷರಿಂದ ಹಿಡಿದು ಒಳಾಂಗಣ ಕ್ರೀಡಾ ಉಪಸಮಿತಿಯ ಸಂಚಾಲಕರವರೆಗೆ ಎಲ್ಲರ ಹೆಸರೂ ಕೆತ್ತಿತ್ತು. ಅವರ ಹೆಸರಿರಬೇಕಾದ ಜಾಗದಲ್ಲಿ ‘ಜನರೇಟರ್ ಆಪರೇಟರ್ ಇವರಿಗೆ’ ಎಂದಿತ್ತು. ಅವರು ಓದಿ, ಎದೆಗೆ ಒತ್ತಿಕೊಂಡು ಕೈಮುಗಿದರು. ಆ ಮಧ್ಯಾಹ್ನವೇ ಸಂಘದವರು ಅವರಿಂದ ಜನರೇಟರ್ ಕೋಣೆಯ ಬೀಗದಕೈಯನ್ನು ಸಹಿ ಹಾಕಿಸಿಕೊಂಡು ವಾಪಸು ಪಡೆದಿದ್ದರು.

ಏಳೂವರೆ. ಕರೆಂಟು ಮಾತು ತಪ್ಪಲಿಲ್ಲ. ಕ್ಲಬ್‌ಹೌಸು ಗಾಢ ಕತ್ತಲಾಯಿತು. ‘ನೋಡಿ, ಉದ್ಘಾಟನೆ ತಾನಾಗೇ ಆಯ್ತು!’ ಎಂದು ಅಧ್ಯಕ್ಷರು ಕೂಗಿದರು. ಮಕ್ಕಳು ಪದ ಶುರುಮಾಡಿದರು. ಬಾಗಿಲು ಮಲಗಿತು, ಬಚ್ಚಲು ಮಲಗಿತು, ಬೂದಿ ಮಲಗಿತು. ‘ನೀ ಮಲಗ’ ಎಂದು ಮುಗಿಯಿತು. ದೀಪ ಬರಲಿಲ್ಲ.

ನೀಲಾ ಮತ್ತೆ ಶುರುಮಾಡಿದಳು, ಈ ಸಲ ಬೇಗಬೇಗ. ಮುಗಿಯಿತು. ದೀಪ ಬರಲಿಲ್ಲ. ಮೂರನೆಯ ಸಲ ದನಿ ನಡುಗುತ್ತಿತ್ತು. ನಡುವೆಯೇ ನಿಂತುಹೋಯಿತು. ಆಮೇಲೆ ಆ ಕತ್ತಲಲ್ಲಿ ನನ್ನ ಮಗಳು ಕಿರುಚಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

‘ಶಿವ ಮಲಗ್ಬಿಟ್ಟ! ಅಮ್ಮಾ, ಶಿವನೂ ಮಲಗ್ಬಿಟ್ಟ!’

ಅವಳ ಹಿಂದೆಯೇ ಉಳಿದ ಮಕ್ಕಳೂ ಕಿರುಚಿದವು. ಇದು ನಾನೇ ಮಾಡಿದ್ದು ಎಂದು ನನಗೆ ತಿಳಿಯಿತು. ಓಡಿಹೋಗಲು ನೋಡಿದರೆ ಕುರ್ಚಿಗಳು ಕಾಲಿಗೆ ಸಿಕ್ಕಿಕೊಂಡವು. ಯಾರೋ ಮೊಬೈಲ್ ಟಾರ್ಚು ಹಾಕಿ ಮಕ್ಕಳ ಮುಖಕ್ಕೇ ಹಿಡಿದರು, ಅವು ಇನ್ನಷ್ಟು ಬೆಚ್ಚಿದವು. ಅಧ್ಯಕ್ಷರು, ‘ಪ್ಯಾನೆಲ್ ಯಾಕ್ರೀ ಸ್ಟಾರ್ಟ್ ಆಗಿಲ್ಲ?’ ಎಂದು ಕತ್ತಲನ್ನೇ ಕೇಳುತ್ತಿದ್ದರು.

‘ಮ್ಯಾನುವಲ್‌ನಾಗ ಬಿಟ್ಟಾರ್ರಿ ಸಾಹೇಬ್ರ’ ಎಂದು ಜನರೇಟರ್ ಅಣ್ಣನ ದನಿ ಬಂತು. ‘ಆಟೋಕ್ಕ ತಿರುವಿಲ್ಲ. ಅದು ಯಾರರೆ ಬಂದು ಗುಂಡಿ ಒತ್ತಲಿ ಅಂತ ಕಾಯಾಕತ್ತೈತಿ. ಕೀಲಿ ಕೊಡ್ರಿ, ಒಂದ ನಿಮಿಷದ ಕೆಲಸ.’

ಕೀಲಿ ಎಸ್ಟೇಟ್ ಮ್ಯಾನೇಜರ್ ಹತ್ತಿರ ಇತ್ತು. ಮ್ಯಾನೇಜರ್ ಸಮೋಸ ತರಲು ಹೋಗಿ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತಿದ್ದರು.

ಟಾರ್ಚು ಆರಿಸಿರಿ ಎಂದು ಜನರೇಟರ್ ಅಣ್ಣ ಹೇಳಿದರು. ಯಾಕೋ ಎಲ್ಲರೂ ಆರಿಸಿದರು. ಅವರು ವೇದಿಕೆಯ ನೆಲದ ಮೇಲೆ ಕೂತದ್ದು ಶಾಲಿನ ಸದ್ದಿನಿಂದ ಗೊತ್ತಾಯಿತು.

‘ನೀಲವ್ವ, ಇಲ್ಲಿ ಬಾ. ಎಲ್ಲಾರೂ ಬರ್ರಿ. ನಾ ಒಂದು ತಪ್ಪ ಮಾಡೇನಿ, ಹೇಳತೇನಿ ಕೇಳ್ರಿ. ದೀಪ ಹಾಕಾಂವ ಶಿವ ಅಲ್ಲವ್ವ. ದೀಪ ಹಾಕ್ತಿದ್ದಾಂವ ನಾ.’

ಬಿಕ್ಕಳಿಸುತ್ತಲೇ ನೀಲಾ ಕೇಳಿದಳು, ‘ಮತ್ತೆ ಶಿವ ಏನ್ ಮಾಡ್ತಾನೆ?’

‘ಅಂವ ಏನೂ ಮಾಡಂಗಿಲ್ಲ. ಸಂಗಾಟ ಕುಂದರ್ತಾನ. ದೀಪ ಇದ್ದಾಗೂ ಕುಂದರ್ತಾನ, ಇಲ್ಲದಾಗೂ ಕುಂದರ್ತಾನ.’

‘ಈಗ ಎಲ್ಲಿ ಕೂತಿದ್ದಾನೆ?’

‘ನನ್ನ ಈ ಕಡೆ ನೀ ಕುಂತಿ. ಆ ಕಡೆ ಅಂವ.’

ಆಮೇಲೆ ನೀಲಾ, ‘ಅವನಿಗೂ ಸಮೋಸ ಸಿಕ್ಕಿಲ್ವಾ?’ ಎಂದಳು. ಯಾರಿಗೂ ಸಿಕ್ಕಿಲ್ಲ ಎಂದರು ಅವರು. ಒಂದೆರಡು ಮಕ್ಕಳು ನಕ್ಕವು.

ತಪ್ಪು ನನ್ನದು. ಅದನ್ನು ಅವರು ಎಲ್ಲರ ಮುಂದೆ ತಮ್ಮ ತಲೆಗೆ ಕಟ್ಟಿಕೊಂಡರು. ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಅವರು ಪದ ಶುರುಮಾಡಿದರು. ಈ ಸಲ ಕ್ಲಬ್‌ಹೌಸಿನ ಬಾಗಿಲಿನಿಂದ, ಅವಸರವಿಲ್ಲದೆ. ಬಾಗಿಲ ಮಲಗೈತಿ, ಕುರ್ಚಿ ಮಲಗ್ಯಾವ, ಮ್ಯಾಜ ಮಲಗೈತಿ, ಹಾರ ಮಲಗೈತಿ. ‘ಮೈಕು!’ ಎಂದಿತು ಒಂದು ಮಗು. ಮೈಕ ಮಲಗೈತಿ. ‘ಸ್ಪೀಚು!’ ಎಂದಿತು ಇನ್ನೊಂದು. ಅಧ್ಯಕ್ಷರ ಭಾಷಣ ಬೆಚ್ಚಗ ಮಲಗೈತಿ. ಕತ್ತಲಲ್ಲಿ ದೊಡ್ಡವರೂ ನಕ್ಕರು, ಅಧ್ಯಕ್ಷರೂ ನಕ್ಕರೆಂದು ಆಮೇಲೆ ಅವರೇ ಹೇಳಿಕೊಂಡರು. ಕೊನೆಯ ಸಾಲು ಬಂತು, ದೀಪ ಬರಲಿಲ್ಲ, ಯಾರೂ ಅಳಲಿಲ್ಲ. ಇನ್ನೊಂದು ಸುತ್ತು ಎಂದವು ಮಕ್ಕಳು. ನಾನು ತಡವರಿಸಿಕೊಂಡು ವೇದಿಕೆಗೆ ಹೋಗಿ ಕೂತೆ. ನೀಲಾಳ ಬೆನ್ನು ಸಿಕ್ಕಿತು, ಕೈ ಇಟ್ಟೆ. ಉಸಿರು ನಿಧಾನವಾಗಿತ್ತು.

ಮೂರನೆಯ ಸುತ್ತಿನಲ್ಲಿ ಹಾರ ಮಲಗುತ್ತಿರುವಾಗ ದೀಪ ಬಂತು. ಮ್ಯಾನೇಜರ್ ಬಂದು ಗುಂಡಿ ಒತ್ತಿದ್ದರು. ಮಕ್ಕಳೆಲ್ಲ ಕಣ್ಣು ಕಿರಿದು ಮಾಡಿ, ‘ಅಯ್ಯೋ, ಇನ್ನೂ ಮುಗ್ದಿಲ್ಲ! ಆಫ್ ಮಾಡಿ!’ ಎಂದು ರಾಗ ತೆಗೆದವು. ಅಧ್ಯಕ್ಷರು ಮೈಕು ಹಿಡಿದು ಪ್ಯಾನೆಲ್ಲಿನ ಮೊದಲ ಪ್ರಯೋಗ ಅಲ್ಪ ವಿಳಂಬದೊಂದಿಗೆ ಯಶಸ್ವಿಯಾಗಿದೆ ಎಂದು ಘೋಷಿಸಿದರು. ಸಮೋಸ ತಣ್ಣಗಿದ್ದವು.

ಜನ ಕರಗುತ್ತಿರುವಾಗ ನಾನು ಅವರ ಹತ್ತಿರ ಹೋಗಿ, ತಪ್ಪು ನನ್ನದಿತ್ತು, ನೀವು ಯಾಕೆ ಹೊತ್ತುಕೊಂಡಿರಿ ಎಂದೆ. ಅವರು ಫಲಕವನ್ನು ಟವೆಲಿನಲ್ಲಿ ಸುತ್ತುತ್ತಿದ್ದರು. ‘ಕೂಸು ನಾಳಿ ರಾತ್ರಿ ನಿಮ್ಮ ಬಾಯಿಲೆ ಪದ ಕೇಳಬೇಕಲ್ರಿ ಅಕ್ಕಾರ. ನಿಮ್ಮನ್ನ ನಂಬಲಿ. ನಾ ಹೆಂಗಿದ್ರೂ ಹೊಂಟಾಂವ’ ಎಂದರು. ಹೇಳಿ, ಮುಖ್ಯ ಲಿಫ್ಟಿನ ಮುಂದಿನಿಂದ ಹಾದು, ಅಭ್ಯಾಸ ಬಲದಿಂದ ಪಕ್ಕದ ಮೆಟ್ಟಿಲಿಳಿದು ಹೋದರು.

ಅಂದಿನಿಂದ ರಾತ್ರಿ ಪದ ಹೇಳುವವಳು ನಾನು. ಮೊದಮೊದಲು ನಾಚಿಕೆಯಾಗುತ್ತಿತ್ತು, ಸ್ಲೈಡು ತೋರಿಸಿ ಮಾತಾಡಿ ಅಭ್ಯಾಸವಾದ ಬಾಯಿ. ಅವಸರ ಮಾಡಿದರೆ ನೀಲಾ ತಡೆದು, ‘ಚರಗಿ ಬಿಟ್ಟೆ ನೋಡು’ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಚರಗಿ ಎನ್ನುವ ನೀರಿನ ತಂಬಿಗೆಯೇ ಇಲ್ಲ, ಆದರೂ ಬಿಡುವ ಹಾಗಿಲ್ಲ. ಪುಟ್ಟ ದೀಪವನ್ನು ಒಂದು ವಾರ ಕೋಣೆಯ ಹೊರಗಿಟ್ಟೆವು, ಮುಂದಿನ ವಾರ ಹಾಲಿಗೆ ಸರಿಸಿದೆವು. ಒಂದು ದಿನ ನೀಲಾಳೇ ಎದ್ದುಹೋಗಿ ಅದನ್ನು ಆರಿಸಿ ಬಂದಳು. ಹಾಸಿಗೆಗೆ ವಾಪಸು ಬರುವಾಗ ಕಬೋರ್ಡನ್ನು ಕೈಯಿಂದ ಮುಟ್ಟಿ ಬಂದಳಂತೆ.

ಆ ಸುದ್ದಿಯನ್ನು ಅಣ್ಣನಿಗೆ ಹೇಳಲೇಬೇಕು ಎಂದು ಹಟ ಹಿಡಿದಳು. ಮಾರನೆಯ ದಿನ ಮಲಗುವ ಮುಂಚೆ ಫೋನು ಮಾಡಿದೆವು. ಅವರಿಗೆ ಸರ್ಜಾಪುರದ ಕಡೆ ಒಂದು ದೊಡ್ಡ ಗೋದಾಮಿನಲ್ಲಿ ರಾತ್ರಿ ಕಾವಲಿನ ಕೆಲಸ ಸಿಕ್ಕಿತ್ತು. ನೀಲಾ ತನ್ನ ಪ್ರತಾಪವನ್ನೆಲ್ಲ ವರದಿ ಮಾಡಿದಳು. ಅವರು ಹ್ಞೂಂ ಹ್ಞೂಂ ಎಂದು ಕೇಳಿ, ‘ಶಾಣ್ಯಾಕಿ ನನ್ನವ್ವ’ ಎಂದರು.

‘ಅಲ್ಲಿ ಕತ್ತಲಿದೆಯಾ ಅಣ್ಣ?’

‘ಎಲ್ಲೀದವ್ವ! ಇಲ್ಲಿ ರಾತ್ರಿ ಎಲ್ಲಾ ಹಗಲ ಆಗೇತಿ. ಕಂಬಕ್ಕ ಎಂಟೆಂಟು ದೀಪ ಹಚ್ಚಾರ. ಹಗಲ ಮನಿಗೆ ಹೋಗಿ ಮಲಗಿದ್ರ ತಗಡಿನ ಸಂದಿಯಾಗಿಂದ ಬಿಸಲ ಬೀಳ್ತೈತಿ. ಕತ್ತಲ ನೋಡಿ ತಿಂಗಳಾತು. ನಿದ್ದೀನ ಇಲ್ಲವ್ವ ನನಗ.’

ನಗುತ್ತ ಹೇಳಿದರೂ ದನಿಯಲ್ಲಿ ದಣಿವಿತ್ತು. ನೀಲಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅವರು ಮೊದಲ ದಿನ ಮಾತಾಡಿದಷ್ಟೇ ಮೆಲ್ಲಗೆ ಹೇಳಿದಳು:

‘ಬೆಳಿಗ್ಗೆ ಮನೆಗೆ ಹೋದ್ಮೇಲೆ ಕಣ್ಣು ಮುಚ್ಚಿ ಅಣ್ಣ. ಒಳಗಡೆ ಕತ್ತಲು ಇರುತ್ತೆ. ನಾನು ನೋಡಿದ್ದೀನಿ, ಚೆನ್ನಾಗಿದೆ.’

ಆ ಕಡೆ ಲಾರಿಯೊಂದು ಹಿಮ್ಮುಖವಾಗಿ ಬರುವ ಸದ್ದು ಕೇಳುತ್ತಿತ್ತು. ಆಮೇಲೆ ಅವರು, ‘ಆತವ್ವ, ಹಂಗ ಮಾಡ್ತೇನಿ’ ಎಂದರು.